ಕನ್ನಡ ಪಾಲಿಸಿ ಇಂಗ್ಲಿಷ್ ಪಾಲಿಸಿಯ ಮಾತನ್ನೇ ಹೇಳುತ್ತಿದೆಯಾ? ಹಿಮ್ಮುಖ ಅನುವಾದದಿಂದ ಪರೀಕ್ಷಿಸುವ ಬಗೆ

ಕಂಪನಿಯ ಪಾಲಿಸಿ ಸಾಮಾನ್ಯವಾಗಿ ಇಂಗ್ಲಿಷಿನಲ್ಲಿ ಹುಟ್ಟುತ್ತದೆ. ವಕೀಲರು ನೋಡುತ್ತಾರೆ, ಹೆಡ್ ಆಫೀಸಿನವರು ಸಹಿ ಹಾಕುತ್ತಾರೆ. ಆಮೇಲೆ ಯಾರೋ ಅದನ್ನು ಕನ್ನಡಕ್ಕೆ ಮಾಡುತ್ತಾರೆ, ಅದು ನೋಟಿಸ್ ಬೋರ್ಡಿಗೆ ಹೋಗುತ್ತದೆ. ಸಹಿ ಹಾಕಿದವರಲ್ಲಿ ಎಷ್ಟೋ ಜನಕ್ಕೆ ಕನ್ನಡ ಓದಲು ಬರುವುದಿಲ್ಲ. ಬೋರ್ಡ್ ಓದುವವರು ಇಂಗ್ಲಿಷ್ ಪ್ರತಿಯನ್ನು ಕಣ್ಣಲ್ಲೂ ನೋಡಿರುವುದಿಲ್ಲ. ಎರಡೂ ಒಂದೇ ಮಾತು ಹೇಳುತ್ತಿವೆಯಾ ಎಂದು ನೋಡುವ ಕೆಲಸ ಯಾರ ಪಾಲಿಗೂ ಬರುವುದಿಲ್ಲ.

ಇದಕ್ಕೆ ಒಂದು ಹಳೆಯ ಉಪಾಯ ಇದೆ, ಹಿಮ್ಮುಖ ಅನುವಾದ ಅಂದರೆ ಬ್ಯಾಕ್ ಟ್ರಾನ್ಸ್‌ಲೇಷನ್. ಕನ್ನಡ ಪ್ರತಿಯನ್ನು, ಮೂಲ ಇಂಗ್ಲಿಷ್ ನೋಡದೇ ಇರುವ ಇನ್ನೊಬ್ಬ ಅನುವಾದಕರಿಗೆ ಕೊಟ್ಟು ಮತ್ತೆ ಇಂಗ್ಲಿಷಿಗೆ ತರಿಸುವುದು. ಆ ಇಂಗ್ಲಿಷನ್ನು ಮೂಲದ ಪಕ್ಕ ಇಟ್ಟು ನೋಡುವುದು. ಕೇಳಲು ಸುಲಭ. ಆದರೆ ಸುಮ್ನೆ ಮಾಡಿ ಮುಗಿಸಿದರೆ ಏನೂ ಸಿಗುವುದಿಲ್ಲ. ಯಾರಿಗೆ ಕೊಡಬೇಕು, ಏನು ಹೇಳಿ ಕೊಡಬೇಕು, ಬಂದಿದ್ದನ್ನು ಹೇಗೆ ಓದಬೇಕು ಅನ್ನುವುದರ ಮೇಲೆ ಎಲ್ಲ ನಿಂತಿದೆ.

ಉದಾಹರಣೆಗೆ ಪಾಶ್ ಪಾಲಿಸಿಯನ್ನೇ ತೆಗೆದುಕೊಳ್ಳೋಣ. ಕೆಲಸದ ಜಾಗದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯ ಪ್ರಕಾರ ಕಂಪನಿಗಳು ಮಾಡಿಕೊಳ್ಳುವ ಪಾಲಿಸಿ ಇದು. ಬೆಂಗಳೂರಿನ ಸುತ್ತಮುತ್ತ ಇರುವ ಒಂದು ಗಾರ್ಮೆಂಟ್ಸ್ ಕಾರ್ಖಾನೆ ಅಂದುಕೊಳ್ಳಿ. ಹೊಲಿಗೆ ಲೈನುಗಳಲ್ಲಿ ಹೆಚ್ಚಿನವರು ಹೆಣ್ಣುಮಕ್ಕಳು, ಸೂಪರ್‌ವೈಸರುಗಳು ಬಹುತೇಕ ಗಂಡಸರು. ಈ ಪಾಲಿಸಿಯಲ್ಲಿ ಗಡುವುಗಳಿವೆ, ಹಕ್ಕುಗಳಿವೆ, ಶಿಕ್ಷೆ ಇದೆ. ಒಂದು ಸಾಲಿನ ಅರ್ಥ ಸ್ವಲ್ಪ ಆಚೀಚೆ ಆದರೂ ದೂರು ಕೊಡಬೇಕಾದವಳು ಕೊಡದೇ ಸುಮ್ಮನಾಗಿಬಿಡಬಹುದು. ಪರೀಕ್ಷೆ ಬೇಕಾಗಿರುವುದು ಇಂಥ ಕಡೆ.

ಮೊದಲು, ಯಾವ ಭಾಗ ಅಂತ ಆರಿಸಿ

ಪೂರ್ತಿ ಪಾಲಿಸಿಯನ್ನು ಹಿಂದಕ್ಕೆ ಅನುವಾದ ಮಾಡಿಸಬೇಡಿ. ಮುನ್ನುಡಿ, ಕಂಪನಿಯ ಮೌಲ್ಯಗಳು, "ನಾವು ಗೌರವಯುತ ವಾತಾವರಣಕ್ಕೆ ಬದ್ಧರು" ಅನ್ನುವ ಪ್ಯಾರಾಗಳಿಗೆ ಹಣ, ಸಮಯ ಹಾಕಿದರೆ ನಿಜವಾಗಿ ನೋಡಬೇಕಾದ ಸಾಲುಗಳ ಹೊತ್ತಿಗೆ ಹೋಲಿಸುವವರ ಕಣ್ಣು ಸೋತಿರುತ್ತದೆ.

ಒಂದು ಸಾಲು ತಪ್ಪಾಗಿ ಅರ್ಥವಾದರೆ ಯಾರಿಗಾದರೂ ನಷ್ಟ ಆಗುತ್ತದಾ ಎಂದು ಕೇಳಿಕೊಳ್ಳಿ. ಆಗುತ್ತದೆ ಅಂದರೆ ಅದು ಪಟ್ಟಿಗೆ ಬರಬೇಕು. ಪಾಶ್ ಪಾಲಿಸಿಯಲ್ಲಿ ಅವು ಯಾವುವು ಅಂದರೆ: ಯಾವುದು ಕಿರುಕುಳ ಅನ್ನುವ ವಿವರಣೆ, ದೂರು ಕೊಡುವ ಗಡುವು, ಬರೆಯಲು ಬಾರದವರಿಗೆ ಸಹಾಯ, ರಾಜಿ ಸಂಧಾನ, ವಿಚಾರಣೆಯ ಸಮಯ, ಗುಟ್ಟು ಕಾಪಾಡುವುದು, ಸುಳ್ಳು ದೂರಿನ ಕಲಮು, ಮೇಲ್ಮನವಿ. ಇಷ್ಟು ಸಾಕು.

ಆಮೇಲೆ ಇಂಗ್ಲಿಷ್ ಮೂಲವನ್ನೇ ಒಂದು ಸಲ ಸರಿಯಾಗಿ ಓದಿ. ಪಾಲಿಸಿಗಳನ್ನು ಬೇರೆ ಕಡೆಯಿಂದ ಕಾಪಿ ಮಾಡಿ ಜೋಡಿಸಿರುವುದು ಜಾಸ್ತಿ. ಒಂದು ಪುಟದಲ್ಲಿ "ಇಂಟರ್ನಲ್ ಕಂಪ್ಲೇಂಟ್ಸ್ ಕಮಿಟಿ" ಅಂತ ಇರುತ್ತದೆ, ಇನ್ನೊಂದರಲ್ಲಿ "ಇಂಟರ್ನಲ್ ಕಮಿಟಿ". 2016ರ ತಿದ್ದುಪಡಿಯಲ್ಲಿ ಕಾಯ್ದೆಯಲ್ಲೇ ಮೊದಲನೆಯದನ್ನು ಎರಡನೆಯದಕ್ಕೆ ಬದಲಾಯಿಸಿದ್ದಾರೆ, ಪಾಲಿಸಿಯವರು ಅರ್ಧ ಬದಲಾಯಿಸಿ ಬಿಟ್ಟಿರುತ್ತಾರೆ. ಕನ್ನಡದಲ್ಲಿ ಅದು ಎರಡು ಬೇರೆ ಸಮಿತಿ ಅನ್ನಿಸಿಬಿಡುತ್ತದೆ. ಮೂಲದಲ್ಲಿ ಗೊಂದಲ ಇದ್ದರೆ ಹಿಮ್ಮುಖ ಅನುವಾದ ಅದನ್ನು ಅನುವಾದಕರ ತಪ್ಪಿನ ಹಾಗೆ ತೋರಿಸುತ್ತದೆ, ಪಾಪ ಅವರ ಮೇಲೆ ಬರುತ್ತದೆ. ಆದ್ದರಿಂದ ಮೊದಲು ಮೂಲ ಸರಿಮಾಡಿಸಿ, ಆಮೇಲೆ ಕನ್ನಡಕ್ಕೆ ಕಳಿಸಿ.

ಒಂದು ಶೀಟ್ ಮಾಡಿಕೊಳ್ಳಿ

ಎಕ್ಸೆಲ್ ಸಾಕು. ಪ್ರತಿ ವಾಕ್ಯಕ್ಕೂ ಒಂದು ನಂಬರ್, ಒಂದು ಸಾಲು. ಮೊದಲ ಕಾಲಮಿನಲ್ಲಿ ಮೂಲ ಇಂಗ್ಲಿಷ್, ಪಕ್ಕದಲ್ಲಿ ಕನ್ನಡ, ಅದರ ಪಕ್ಕ ವಾಪಸ್ ಬಂದ ಇಂಗ್ಲಿಷ್, ಆಮೇಲೆ "ಏನು ವ್ಯತ್ಯಾಸ", ಕೊನೆಗೆ "ಏನು ತೀರ್ಮಾನ, ಯಾಕೆ".

ಕನ್ನಡ ಅನುವಾದಕರು ಒಂದು ಉದ್ದ ಇಂಗ್ಲಿಷ್ ವಾಕ್ಯವನ್ನು ಮೂರು ಚಿಕ್ಕ ವಾಕ್ಯ ಮಾಡಿದ್ದರೆ ಮಾಡಲಿ ಬಿಡಿ, ಮೂರೂ ಅದೇ ನಂಬರಿನ ಸಾಲಿನಲ್ಲಿ ಇರಲಿ. ವಾಕ್ಯಕ್ಕೆ ವಾಕ್ಯ ಕೂಡಲೇಬೇಕು ಎಂದು ಹಟ ಹಿಡಿದರೆ ಕನ್ನಡ ಕೆಡುತ್ತದೆ. ಇಂಗ್ಲಿಷಿನ ಕಾನೂನು ವಾಕ್ಯದಲ್ಲಿ ಷರತ್ತು ಮುಂದೆ, ಹಿಂದೆ, ಮಧ್ಯೆ ಎಲ್ಲ ಕಡೆ ತೂಗಾಡುತ್ತಿರುತ್ತದೆ. ಅದನ್ನು ಕನ್ನಡದಲ್ಲಿ ಒಂದೇ ಉಸಿರಿನಲ್ಲಿ ಹೇಳಲು ಹೋದರೆ ಕ್ರಿಯಾಪದ ಬರುವಷ್ಟರಲ್ಲಿ ಓದುವವರಿಗೆ ಯಾರ ಬಗ್ಗೆ ಮಾತು ಅನ್ನುವುದೇ ಮರೆತಿರುತ್ತದೆ.

ಹಿಮ್ಮುಖ ಅನುವಾದಕರಿಗೆ ಕಳಿಸುವಾಗ ಈ ಶೀಟ್ ಕಳಿಸಬೇಡಿ. ನಂಬರ್ ಮತ್ತು ಕನ್ನಡದ ಕಾಲಂ ಮಾತ್ರ ಬೇರೆ ಫೈಲಿಗೆ ಹಾಕಿ ಕಳಿಸಿ. ಇಂಗ್ಲಿಷ್ ಕಾಲಂ ಹೈಡ್ ಮಾಡಿ ಕಳಿಸುವವರಿದ್ದಾರೆ, ಅದನ್ನು ಎರಡು ಕ್ಲಿಕ್‌ನಲ್ಲಿ ತೆರೆಯಬಹುದು.

ಯಾರಿಗೆ ಕೊಡುವುದು?

ಜಾಸ್ತಿ ಎಡವುವುದು ಇಲ್ಲಿ. "ಪಾಶ್ ಕಾಯ್ದೆ ಚೆನ್ನಾಗಿ ಗೊತ್ತಿರುವವರಿಗೇ ಕೊಡೋಣ" ಅಂತ ಅನ್ನಿಸುತ್ತದೆ, ಅಲ್ವಾ? ಕೊಡಬೇಡಿ. ಕಾಯ್ದೆ ಬಾಯಿಪಾಠ ಇರುವವರು ಕನ್ನಡ ವಾಕ್ಯದ ಮೊದಲ ನಾಲ್ಕು ಪದ ನೋಡಿದ ತಕ್ಷಣ "ಓ, ಇದು ಒಂಬತ್ತನೇ ಸೆಕ್ಷನ್" ಎಂದು ಗುರುತಿಸಿ ಕಾಯ್ದೆಯ ಇಂಗ್ಲಿಷನ್ನೇ ಬರೆದುಬಿಡುತ್ತಾರೆ. ಕನ್ನಡದಲ್ಲಿ ಬಿಟ್ಟುಹೋಗಿದ್ದು ಅವರ ತಲೆಯಲ್ಲಿ ಇರುತ್ತದೆ, ಅದು ಕಾಗದದ ಮೇಲೆ ಬಂದುಬಿಡುತ್ತದೆ. ನಿಮಗೆ ಎಲ್ಲ ಸರಿಯಾಗಿ ಕಾಣುತ್ತದೆ. ಅವರು ಮೋಸ ಮಾಡಿಲ್ಲ, ಒಳ್ಳೆಯ ಅನುವಾದಕರು ಯಾವಾಗಲೂ ಹೀಗೆ ಅರ್ಥ ತುಂಬಿಕೊಂಡೇ ಓದುತ್ತಾರೆ.

ಬೇಕಾಗಿರುವುದು ಕನ್ನಡವನ್ನು ತಾಯಿನುಡಿಯಾಗಿ ಓದುವ, ಇಂಗ್ಲಿಷ್ ಸರಿಯಾಗಿ ಬರೆಯುವ, ಈ ಪಾಲಿಸಿಯನ್ನು ಮೊದಲು ನೋಡಿಲ್ಲದ, ನಿಮ್ಮ ಎಚ್‌ಆರ್‌ನಲ್ಲಿ ಕೆಲಸ ಮಾಡದ ಒಬ್ಬರು. ಮೊದಲ ಅನುವಾದಕರ ಸ್ನೇಹಿತರೋ ಅದೇ ಏಜೆನ್ಸಿಯ ಪಕ್ಕದ ಟೇಬಲಿನವರೋ ಆಗದಿದ್ದರೆ ಒಳ್ಳೆಯದು. ಇಂಗ್ಲಿಷ್ ತೀರಾ ಚೆಂದ ಇರಬೇಕಿಲ್ಲ. ಕನ್ನಡ ಓದುವುದರಲ್ಲಿ ಮಾತ್ರ ರಾಜಿ ಬೇಡ.

ಅವರಿಗೆ ಒಂದು ಚಿಕ್ಕ ಸೂಚನೆ ಬರೆದುಕೊಡಿ. ನಾನು ಹೆಚ್ಚುಕಡಿಮೆ ಹೀಗೆ ಬರೆಯುತ್ತೇನೆ:

"ಕನ್ನಡದಲ್ಲಿ ಏನಿದೆಯೋ ಅದನ್ನು ಮಾತ್ರ ಇಂಗ್ಲಿಷಿನಲ್ಲಿ ಬರೆಯಿರಿ. ವಾಕ್ಯ ಒರಟಾಗಿದ್ದರೆ ಒರಟಾಗಿಯೇ ಇರಲಿ, ತಿದ್ದಬೇಡಿ. ಯಾರು ಮಾಡಬೇಕು ಎಂದು ಕನ್ನಡದಲ್ಲಿ ಇಲ್ಲದಿದ್ದರೆ ನೀವು ಸೇರಿಸಬೇಡಿ, 'ಯಾರು ಎಂದು ಹೇಳಿಲ್ಲ' ಎಂದು ಬರೆಯಿರಿ. ಎರಡು ಅರ್ಥ ಬರುವಂತಿದ್ದರೆ ಎರಡನ್ನೂ ಬರೆಯಿರಿ. ಅರ್ಥಕ್ಕಾಗಿ ಮತ್ತೆ ಓದಬೇಕಾದ ವಾಕ್ಯದ ಪಕ್ಕ ಒಂದು ನಕ್ಷತ್ರ ಹಾಕಿ. ಕಾಯ್ದೆಯನ್ನಾಗಲಿ ಬೇರೆ ಕಂಪನಿಯ ಪಾಲಿಸಿಯನ್ನಾಗಲಿ ತೆರೆದು ನೋಡಬೇಡಿ."

ನಕ್ಷತ್ರದ ಮಾತು ಮರೆಯಬೇಡಿ. ಇಂಗ್ಲಿಷ್ ಸರಿಯಾಗಿ ಬಂದಿದ್ದರೂ ನಕ್ಷತ್ರ ಬಿದ್ದಿರುವ ವಾಕ್ಯಗಳು ಲೈನಿನಲ್ಲಿ ಕೆಲಸ ಮಾಡುವವರಿಗೆ ಖಂಡಿತ ಕಷ್ಟ ಕೊಡುತ್ತವೆ. ಓದಿ ಬರೆಯುವುದೇ ಕಸುಬಾದವರು ಮತ್ತೆ ಓದಬೇಕಾಯಿತು ಅಂದಮೇಲೆ ಶಿಫ್ಟ್ ಮುಗಿಸಿ ಬಸ್ಸಿಗೆ ಓಡುವವರು ಏನು ಮಾಡಬೇಕು?

ಇನ್ನೊಂದು ವಿಷಯವನ್ನೂ ಮೊದಲೇ ಮಾತಾಡಿ. ಅನುವಾದಕರಿಗೆ ಒರಟು ಇಂಗ್ಲಿಷ್ ಕೊಡಲು ಮುಜುಗರ ಆಗುತ್ತದೆ, ತಮ್ಮ ಕೆಲಸ ಕಳಪೆ ಅಂದುಕೊಂಡಾರು ಎಂದು ನಯ ಮಾಡುತ್ತಾರೆ. "ನಿಮ್ಮ ಇಂಗ್ಲಿಷನ್ನು ಯಾರೂ ಅಳೆಯುವುದಿಲ್ಲ, ಇದು ಎಲ್ಲೂ ಪ್ರಕಟ ಆಗುವುದಿಲ್ಲ" ಎಂದು ಬಾಯಿಬಿಟ್ಟು ಹೇಳಿ.

ಹೋಲಿಸುವುದು: ಪದ ನೋಡಬೇಡಿ, ಕೆಲಸ ನೋಡಿ

ವಾಪಸ್ ಬಂದ ಇಂಗ್ಲಿಷ್ ಮೂಲದ ಹಾಗೆ ಇರುವುದಿಲ್ಲ. ಇರಲೂಬಾರದು. ಮೂಲದಲ್ಲಿ "ಅನ್‌ವೆಲ್‌ಕಮ್" ಇದ್ದು ವಾಪಸ್ "ಅನ್‌ವಾಂಟೆಡ್" ಬಂದರೆ ಏನೂ ಆಗಿಲ್ಲ. ಇಂಥ ಪದಗಳಿಗೆಲ್ಲ ಕೆಂಪು ಬಣ್ಣ ಹಚ್ಚಿದರೆ ಶೀಟ್ ತುಂಬ ಕೆಂಪಾಗಿ, ಮುಖ್ಯವಾದದ್ದು ಅದರಲ್ಲೇ ಮುಳುಗಿಹೋಗುತ್ತದೆ.

ಹಾಗಾಗಿ ಒಂದೇ ಓದಿನಲ್ಲಿ ಎಲ್ಲವನ್ನೂ ಹಿಡಿಯಲು ಹೋಗಬೇಡಿ. ಒಂದು ಓದಿನಲ್ಲಿ ಅಂಕಿ, ದಿನ, ತಿಂಗಳು ಮಾತ್ರ. ಮುಂದಿನ ಓದಿನಲ್ಲಿ ಯಾರು, ಯಾರಿಗೆ, ಯಾರ ಮೇಲೆ ಅನ್ನುವುದು. ಅದಾದಮೇಲೆ "ಮಾಡಲೇಬೇಕು", "ಮಾಡಬಹುದು", "ಮಾಡಬೇಕಾಗಿಲ್ಲ" ಇವುಗಳ ನಡುವಿನ ಗೆರೆ. ಕೊನೆಗೆ ಷರತ್ತುಗಳು: ಯಾವಾಗ, ಏನಾದರೆ, ಏನು ಬಿಟ್ಟು. ಎರಡನೆಯ ಓದಿಗೆ ಜಾಸ್ತಿ ಸಮಯ ಕೊಡಿ. ಕನ್ನಡದಲ್ಲಿ ಕರ್ತೃ ಇಲ್ಲದೇ ವಾಕ್ಯ ಸರಾಗವಾಗಿ ನಡೆದುಬಿಡುತ್ತದೆ. "ಕ್ರಮ ಕೈಗೊಳ್ಳಲಾಗುವುದು" ಎಂದು ಬರೆದರೆ ವ್ಯಾಕರಣದಲ್ಲಿ ಏನೂ ತಪ್ಪಿಲ್ಲ. ಯಾರು ಕೈಗೊಳ್ಳುತ್ತಾರೆ, ಯಾರ ಮೇಲೆ, ಅದಿಲ್ಲ.

ಹೋಲಿಸುವವರು ಎರಡೂ ಭಾಷೆ ಬಲ್ಲವರಾಗಿರಬೇಕು, ಎರಡು ಅನುವಾದಗಳಲ್ಲಿ ಯಾವುದನ್ನೂ ಮಾಡಿದವರಾಗಿರಬಾರದು. ಇಂಗ್ಲಿಷ್ ಮಾತ್ರ ಬಲ್ಲ ಮ್ಯಾನೇಜರ್ ಎರಡು ಇಂಗ್ಲಿಷ್ ಕಾಲಂ ನೋಡಿ ವ್ಯತ್ಯಾಸ ಗುರುತು ಮಾಡಬಹುದು, ಅದು ಒಳ್ಳೆಯದೇ. ಆದರೆ ತಪ್ಪು ಯಾರದು ಎಂದು ತೀರ್ಮಾನ ಮಾಡಲು ಅವರಿಂದ ಆಗುವುದಿಲ್ಲ.

ಎರಡು ಕಲಮು ಬಿಡಿಸಿ ನೋಡೋಣ

ಮೊದಲನೆಯದು ಗಡುವು. ಕಾಯ್ದೆಯಲ್ಲಿರುವುದು ಹೀಗೆ: ಘಟನೆ ನಡೆದ ದಿನದಿಂದ ಮೂರು ತಿಂಗಳೊಳಗೆ ಲಿಖಿತ ದೂರು ಕೊಡಬೇಕು. ಮತ್ತೆ ಮತ್ತೆ ನಡೆದಿದ್ದರೆ ಕೊನೆಯ ಘಟನೆಯಿಂದ ಲೆಕ್ಕ. ಆ ಸಮಯದಲ್ಲಿ ದೂರು ಕೊಡಲು ಬಿಡದಂಥ ಪರಿಸ್ಥಿತಿ ಇತ್ತು ಎಂದು ಸಮಿತಿಗೆ ಮನವರಿಕೆಯಾದರೆ, ಕಾರಣ ಬರೆದಿಟ್ಟು, ಸಮಿತಿ ಇನ್ನೂ ಮೂರು ತಿಂಗಳವರೆಗೆ ಸಮಯ ಹೆಚ್ಚಿಸಬಹುದು. ಕಂಪನಿಯ ಇಂಗ್ಲಿಷ್ ಪಾಲಿಸಿಯೂ ಇದನ್ನೇ ಹೇಳುತ್ತದೆ ಅಂದುಕೊಳ್ಳಿ. ಕನ್ನಡ ಪ್ರತಿಯ ಎರಡನೆಯ ಭಾಗ ಹೀಗೆ ಬಂದಿದೆ:

"ಸೂಕ್ತ ಕಾರಣಗಳಿದ್ದಲ್ಲಿ ಸದರಿ ಅವಧಿಯನ್ನು ಮೂರು ತಿಂಗಳವರೆಗೆ ವಿಸ್ತರಿಸಬಹುದಾಗಿದೆ."

ಕಾಯ್ದೆ ಗೊತ್ತಿರುವ ನಮಗೆ ಸರಿಯೇ ಅನ್ನಿಸುತ್ತದೆ. ಹಿಮ್ಮುಖ ಅನುವಾದಕರು ಬರೆದಿದ್ದನ್ನು ನೋಡಿ: ಸರಿಯಾದ ಕಾರಣ ಇದ್ದರೆ ಈ ಅವಧಿಯನ್ನು ಮೂರು ತಿಂಗಳವರೆಗೆ ಹೆಚ್ಚಿಸಬಹುದು, ಯಾರು ಹೆಚ್ಚಿಸಬೇಕು ಎಂದು ಹೇಳಿಲ್ಲ, ಒಟ್ಟು ಮೂರು ತಿಂಗಳಾ, ಇನ್ನೂ ಮೂರು ತಿಂಗಳಾ ಗೊತ್ತಾಗುತ್ತಿಲ್ಲ.

ಒಂದು ಚಿಕ್ಕ ವಾಕ್ಯದಿಂದ ಮೂರು ವಿಷಯ ಜಾರಿವೆ. "ಇನ್ನೂ" ಅನ್ನುವುದು ಹೋಗಿದೆ, ಹಾಗಾಗಿ ಮೂರು ತಿಂಗಳು ದಾಟಿದ ಮಹಿಳೆ ತನ್ನ ದಾರಿ ಮುಚ್ಚಿತು ಅಂದುಕೊಳ್ಳಬಹುದು. ಸಮಿತಿ ಹೋಗಿದೆ, ಹಾಗಾಗಿ ಸಮಯ ಕೇಳಲು ಸೂಪರ್‌ವೈಸರ್ ಹತ್ತಿರ ಹೋಗಬೇಕಾ ಅನ್ನುವ ಅನುಮಾನ ಬರುತ್ತದೆ, ಕೆಲವೊಮ್ಮೆ ದೂರು ಇರುವುದೇ ಆ ಸೂಪರ್‌ವೈಸರ್ ಮೇಲೆ. ಕಾರಣ ಬರೆದಿಡಬೇಕು ಅನ್ನುವುದೂ ಹೋಗಿದೆ, ಅದು ಸಮಿತಿಯ ಮೇಲಿರುವ ಹೊಣೆ. "ಸೂಕ್ತ ಕಾರಣ" ಅನ್ನುವುದೂ ಮೂಲಕ್ಕಿಂತ ಮಸುಕು. ಮೂಲ ಕೇಳುತ್ತಿರುವುದು ದೂರು ಕೊಡದಂತೆ ತಡೆದ ಪರಿಸ್ಥಿತಿಯನ್ನು.

ತಿದ್ದಿದ ಮೇಲೆ ಹೀಗಾಗಬಹುದು:

"ಮೊದಲ ಮೂರು ತಿಂಗಳಲ್ಲಿ ದೂರು ಕೊಡಲು ಆಗದಂಥ ಪರಿಸ್ಥಿತಿ ನಿಮಗಿತ್ತು ಎಂದು ಆಂತರಿಕ ಸಮಿತಿಗೆ ಮನವರಿಕೆಯಾದರೆ, ಸಮಿತಿಯು ಇನ್ನೂ ಮೂರು ತಿಂಗಳವರೆಗೆ ಹೆಚ್ಚಿನ ಸಮಯ ಕೊಡಬಹುದು. ಹಾಗೆ ಕೊಡುವಾಗ ಕಾರಣವನ್ನು ಸಮಿತಿ ಬರೆದಿಡಬೇಕು."

ಉದ್ದ ಆಯಿತು, ನಿಜ. ಆದರೆ ಇದನ್ನು ಯಾರೇ ವಾಪಸ್ ಇಂಗ್ಲಿಷಿಗೆ ಮಾಡಿದರೂ ಏನೂ ಊಹಿಸಬೇಕಾಗಿಲ್ಲ.

ಎರಡನೆಯದು ಸುಳ್ಳು ದೂರಿನ ಕಲಮು. ಅಪಾಯ ಇಲ್ಲಿ ಹೆಚ್ಚು, ಇದನ್ನು ನಿಧಾನವಾಗಿ ಓದಿ. ಕಾಯ್ದೆ ಹೇಳುವುದು: ಆರೋಪವನ್ನು ಕೆಟ್ಟ ಉದ್ದೇಶದಿಂದ ಮಾಡಿದ್ದರೆ, ಅಥವಾ ಸುಳ್ಳು ಎಂದು ಗೊತ್ತಿದ್ದೂ ದೂರು ಕೊಟ್ಟಿದ್ದರೆ, ಅಥವಾ ನಕಲಿ ಇಲ್ಲವೇ ದಾರಿ ತಪ್ಪಿಸುವ ದಾಖಲೆ ತಂದಿದ್ದರೆ, ದೂರು ಕೊಟ್ಟವರ ಮೇಲೆ ಕ್ರಮಕ್ಕೆ ಸಮಿತಿ ಶಿಫಾರಸು ಮಾಡಬಹುದು. ದೂರನ್ನು ರುಜುವಾತು ಮಾಡಲು ಆಗಲಿಲ್ಲ, ಸಾಕ್ಷಿ ಸಾಲಲಿಲ್ಲ ಅನ್ನುವುದೊಂದೇ ಕಾರಣಕ್ಕೆ ದೂರು ಕೊಟ್ಟವರ ಮೇಲೆ ಕ್ರಮ ಆಗಬೇಕಾಗಿಲ್ಲ. ಕೆಟ್ಟ ಉದ್ದೇಶ ಇತ್ತು ಅನ್ನುವುದು ವಿಚಾರಣೆಯಲ್ಲಿ ಸ್ಥಾಪಿತವಾದ ಮೇಲೆಯೇ ಶಿಫಾರಸು.

ಕನ್ನಡ ಪ್ರತಿ ಹೀಗಿದೆ ಅಂದುಕೊಳ್ಳಿ:

"ದೂರು ದುರುದ್ದೇಶಪೂರಿತ ಅಥವಾ ಸುಳ್ಳು ಎಂದು ಕಂಡುಬಂದಲ್ಲಿ ಕ್ರಮ ಕೈಗೊಳ್ಳಲಾಗುವುದು. ಕೇವಲ ಸಾಕ್ಷ್ಯಾಧಾರಗಳ ಕೊರತೆಯಿಂದ ದೂರು ಸಾಬೀತಾಗದಿದ್ದಲ್ಲಿ ಕ್ರಮದ ಅಗತ್ಯವಿರುವುದಿಲ್ಲ."

ಇದಕ್ಕೆ ಬಂದ ಇಂಗ್ಲಿಷಿನ ಅರ್ಥ: ದೂರು ಸುಳ್ಳು ಎಂದು ಕಂಡರೆ ಕ್ರಮ ತೆಗೆದುಕೊಳ್ಳುತ್ತಾರೆ, ಸಾಕ್ಷಿ ಇಲ್ಲದೇ ದೂರು ಸಾಬೀತಾಗದಿದ್ದರೆ ಆರೋಪಿಯ ಮೇಲೆ ಕ್ರಮ ಬೇಕಿಲ್ಲ.

ಎರಡನೆಯ ವಾಕ್ಯದಲ್ಲಿ ರಕ್ಷಣೆ ಯಾರಿಗೆ ಹೋಯಿತು ನೋಡಿ. ದೂರು ಕೊಟ್ಟವಳನ್ನು ಕಾಪಾಡಲು ಬರೆದ ಸಾಲು ದೂರಿಗೆ ಒಳಗಾದವನನ್ನು ಕಾಪಾಡುವ ಸಾಲಾಗಿ ಓದಿಸಿಕೊಂಡಿದೆ. ಕನ್ನಡದಲ್ಲಿ "ಯಾರ ಮೇಲೆ" ಇಲ್ಲದ್ದರಿಂದ ಅನುವಾದಕರು ಸಹಜವಾಗಿ ಅನ್ನಿಸಿದ್ದನ್ನು ತುಂಬಿದರು. ಸೂಚನೆಯ ಪ್ರಕಾರ ಅವರು "ಯಾರ ಮೇಲೆ ಎಂದು ಹೇಳಿಲ್ಲ" ಎಂದು ಬರೆಯಬೇಕಿತ್ತು. ಬರೆಯಲಿಲ್ಲ, ಆದರೂ ಅವರು ತುಂಬಿದ್ದೇ ನಮಗೆ ಸುಳಿವು, ಯಾಕೆಂದರೆ ಬೋರ್ಡಿನ ಮುಂದೆ ನಿಂತು ಓದುವವರೂ ಹಾಗೇ ತುಂಬಿಕೊಳ್ಳುತ್ತಾರೆ.

ಮೊದಲ ವಾಕ್ಯದ ನಷ್ಟ ಇನ್ನೂ ಸೂಕ್ಷ್ಮ. "ಗೊತ್ತಿದ್ದೂ" ಬಿಟ್ಟುಹೋಗಿದೆ. ಸುಳ್ಳು ಎಂದು ಕಂಡುಬರುವುದೇ ಬೇರೆ, ಸುಳ್ಳು ಎಂದು ತಿಳಿದೇ ಕೊಡುವುದು ಬೇರೆ. "ಶಿಫಾರಸು ಮಾಡಬಹುದು" ಅನ್ನುವುದು "ಕೈಗೊಳ್ಳಲಾಗುವುದು" ಆಗಿ ಗಟ್ಟಿಯಾಗಿದೆ. ಎರಡೂ ಸೇರಿದರೆ ಓದಿದವಳ ಮನಸ್ಸಿಗೆ ಬರುವುದು ಒಂದೇ: ಸಾಬೀತು ಮಾಡಲು ಆಗದಿದ್ದರೆ ನನ್ನ ಕೆಲಸ ಹೋಗುತ್ತದೆ. ಯಾರೂ ನೋಡದ ಜಾಗದಲ್ಲಿ ನಡೆದದ್ದಕ್ಕೆ ಸಾಕ್ಷಿ ಎಲ್ಲಿಂದ ತರುತ್ತಾಳೆ?

ಇದನ್ನು ಹೀಗೆ ಬಿಡಿಸಿ ಬರೆಯಬಹುದು:

"ದೂರು ಕೊಟ್ಟವರು ಸುಳ್ಳು ಎಂದು ತಮಗೆ ಗೊತ್ತಿದ್ದೂ ದೂರು ಕೊಟ್ಟಿದ್ದಾರೆ, ಕೆಟ್ಟ ಉದ್ದೇಶದಿಂದ ಆರೋಪ ಮಾಡಿದ್ದಾರೆ ಅಥವಾ ನಕಲಿ ಇಲ್ಲವೇ ದಾರಿ ತಪ್ಪಿಸುವ ದಾಖಲೆ ಕೊಟ್ಟಿದ್ದಾರೆ ಎಂದು ಸಮಿತಿ ತೀರ್ಮಾನಿಸಿದರೆ, ಅವರ ಮೇಲೆ ಕ್ರಮಕ್ಕೆ ಸಮಿತಿ ಶಿಫಾರಸು ಮಾಡಬಹುದು. ಕೆಟ್ಟ ಉದ್ದೇಶ ಇತ್ತು ಎಂಬುದು ಮೊದಲು ವಿಚಾರಣೆಯಲ್ಲಿ ಸ್ಥಾಪಿತವಾಗಬೇಕು. ದೂರನ್ನು ಸಾಬೀತು ಮಾಡಲು ಆಗಲಿಲ್ಲ ಅಥವಾ ಸಾಕ್ಷಿ ಸಾಲಲಿಲ್ಲ ಎಂಬುದೊಂದೇ ಕಾರಣಕ್ಕೆ ದೂರು ಕೊಟ್ಟವರ ಮೇಲೆ ಕ್ರಮ ತೆಗೆದುಕೊಳ್ಳಬೇಕಾಗಿಲ್ಲ."

ಕೊನೆಯ ವಾಕ್ಯದಲ್ಲಿ "ಬೇಕಾಗಿಲ್ಲ" ಬದಲು "ಬಾರದು" ಎಂದು ಬರೆಯೋಣ ಅನ್ನಿಸುತ್ತದೆ, ನನಗೂ ಅದೇ ಇಷ್ಟ. ಆದರೆ ಕಾಯ್ದೆಯ ಇಂಗ್ಲಿಷಿನಲ್ಲಿ ಇರುವುದು "ನೀಡ್ ನಾಟ್". ಕಂಪನಿ ತನ್ನ ಪಾಲಿಸಿಯಲ್ಲಿ ಇನ್ನೂ ಗಟ್ಟಿ ಭರವಸೆ ಕೊಡಲು ತಯಾರಿದ್ದರೆ ಮೊದಲು ಇಂಗ್ಲಿಷ್ ಪ್ರತಿಯನ್ನು ಬದಲಾಯಿಸಲಿ. ಅನುವಾದಕರು ಕನ್ನಡದಲ್ಲಿ ಮಾತ್ರ ಗಟ್ಟಿ ಮಾಡಿದರೆ ಎರಡು ಪಾಲಿಸಿ ಆಗಿಬಿಡುತ್ತದೆ. ಒಳ್ಳೆಯ ಮನಸ್ಸಿನಿಂದ ಮಾಡಿದ ಇಂಥ ಬದಲಾವಣೆಗಳೂ ಹೋಲಿಕೆಯಲ್ಲಿ ಸಿಗುತ್ತವೆ.

ವ್ಯತ್ಯಾಸ ಸಿಕ್ಕಿತು. ತಪ್ಪು ಎಲ್ಲಿದೆ?

ವ್ಯತ್ಯಾಸ ಕಂಡ ತಕ್ಷಣ ಕನ್ನಡ ಅನುವಾದಕರಿಗೆ ಫೋನ್ ಮಾಡಿ ಬೈಯುವುದು ಬೇಡ. ಕನ್ನಡ ತಪ್ಪಿರಬಹುದು. ಕನ್ನಡ ಸರಿ ಇದ್ದು ವಾಪಸ್ ಮಾಡಿದವರು ತಪ್ಪು ಓದಿರಬಹುದು. ಮೂಲ ಇಂಗ್ಲಿಷೇ ಎರಡು ಅರ್ಥ ಕೊಡುತ್ತಿರಬಹುದು. ಇಲ್ಲವೇ ವ್ಯತ್ಯಾಸ ಮಾತಿನದ್ದು ಮಾತ್ರ, ಅರ್ಥದ್ದಲ್ಲ.

ಪತ್ತೆ ಮಾಡುವುದು ಹೇಗೆ? ಇಂಗ್ಲಿಷ್ ಎರಡನ್ನೂ ಮುಚ್ಚಿಟ್ಟು ಕನ್ನಡ ವಾಕ್ಯ ಮಾತ್ರ ಮೂರನೆಯವರೊಬ್ಬರಿಗೆ ತೋರಿಸಿ. ತೆರೆದ ಪ್ರಶ್ನೆ ಕೇಳಿ. "ಇಲ್ಲಿ ಕ್ರಮ ಯಾರ ಮೇಲೆ?" ಎಂದು ಕೇಳಬೇಕು. "ಇಲ್ಲಿ ಕ್ರಮ ದೂರು ಕೊಟ್ಟವರ ಮೇಲೆ ಅಲ್ವಾ?" ಎಂದು ಕೇಳಿದರೆ ಹೌದು ಅಂದುಬಿಡುತ್ತಾರೆ. ಮೂರನೆಯವರೂ ಹಿಮ್ಮುಖ ಅನುವಾದಕರ ಹಾಗೇ ಓದಿದರೆ ಕನ್ನಡ ತಿದ್ದಬೇಕು. ಮೂಲದ ಹಾಗೆ ಓದಿದರೆ, ಬಹುಶಃ ವಾಪಸ್ ಅನುವಾದದ ತಪ್ಪು. ಹಾಗಿದ್ದರೂ ಗಡುವು, ಶಿಕ್ಷೆಯ ಸಾಲಾದರೆ ನಾನು ಬಿಡುವುದಿಲ್ಲ, ಒಬ್ಬ ಓದುಗರು ಎಡವಿದ್ದು ನಿಜ ತಾನೆ, ಸ್ವಲ್ಪ ಬಿಡಿಸಿ ಬರೆಸುತ್ತೇನೆ.

ತೀರ್ಮಾನದ ಕಾಲಮಿನಲ್ಲಿ ಕಾರಣ ಬರೆಯಿರಿ. "ಸರಿಪಡಿಸಲಾಗಿದೆ" ಎಂದಷ್ಟೇ ಬರೆದರೆ ಮುಂದಿನ ವರ್ಷ ಪಾಲಿಸಿ ಬದಲಾದಾಗ ಯಾರಿಗೂ ಏನೂ ತಿಳಿಯುವುದಿಲ್ಲ.

ತಿದ್ದಿದ ವಾಕ್ಯಗಳನ್ನು ಮಾತ್ರ ಮತ್ತೊಮ್ಮೆ ಹಿಂದಕ್ಕೆ ಕಳಿಸಿ. ಸಾಧ್ಯವಾದರೆ ಬೇರೆಯವರಿಗೆ. ಮೊದಲನೆಯವರಿಗೆ ಈಗ ಅರ್ಥ ಗೊತ್ತಾಗಿರುತ್ತದೆ, ಅವರ ಕಣ್ಣು ಹೊಸದಲ್ಲ.

ಎಲ್ಲ ತಾಳೆಯಾಯಿತು ಅಂದರೂ ಮುಗಿದಿಲ್ಲ

ಈ ವಿಧಾನದ ಬಗ್ಗೆ ಹೆಚ್ಚು ಹೆಸರಾದ ಬರಹ ಮನಶ್ಶಾಸ್ತ್ರಜ್ಞ ರಿಚರ್ಡ್ ಬ್ರಿಸ್ಲಿನ್ ಅವರದ್ದು, 1970ರದ್ದು. ಹಿಮ್ಮುಖ ಅನುವಾದ ಚೆನ್ನಾಗಿ ಹೊಂದಿಕೊಂಡರೂ ಅದು ತಪ್ಪು ಕಾರಣಕ್ಕೆ ಆಗಿರಬಹುದು ಎಂದು ಅವರು ಆಗಲೇ ಎಚ್ಚರಿಸಿದ್ದರು. ಇಬ್ಬರೂ ಅನುವಾದಕರು ಒಂದೇ ಪದಜೋಡಿ ಕಲಿತಿರಬಹುದು. ವಾಪಸ್ ಮಾಡುವವರು ಕೆಟ್ಟ ಅನುವಾದದಿಂದಲೂ ಅರ್ಥ ಹೆಕ್ಕಿಕೊಳ್ಳುವಷ್ಟು ಜಾಣರಿರಬಹುದು. ಅಥವಾ ಮೊದಲ ಅನುವಾದಕರು ಇಂಗ್ಲಿಷಿನ ವಾಕ್ಯರಚನೆಯನ್ನೇ ಹಾಗೇ ಉಳಿಸಿರಬಹುದು, ಆಗ ವಾಪಸ್ ಹೋಗುವುದು ಬಹಳ ಸುಲಭ.

ಕೊನೆಯದು ನಮ್ಮ ಪಾಲಿಸಿಗಳಲ್ಲಿ ತುಂಬ ಕಾಣುತ್ತದೆ. ಕೆಲವು ನಿರ್ದಿಷ್ಟ ಸಂದರ್ಭಗಳಲ್ಲಿ, ಒಬ್ಬರು ಬಾರದೇ ಇದ್ದರೂ ಸಮಿತಿ ವಿಚಾರಣೆ ಮುಗಿಸಬಹುದು. ಅದನ್ನು "ಏಕಪಕ್ಷೀಯ ಆದೇಶ" ಎಂದು ಬರೆದರೆ ವಾಪಸ್ "ಎಕ್ಸ್ ಪಾರ್ಟೆ ಆರ್ಡರ್" ಎಂದೇ ಬರುತ್ತದೆ, ಶೀಟಿನಲ್ಲಿ ಹಸಿರು ಬಣ್ಣ. ಬೋರ್ಡ್ ಓದುವವರಿಗೆ ಮಾತ್ರ ಏನೂ ತಿಳಿದಿಲ್ಲ, ಕೆಲವರಿಗೆ "ಪಕ್ಷಪಾತದ ಆದೇಶ" ಅನ್ನುವ ಹಾಗೂ ಕೇಳಿಸಬಹುದು. ಹಾಗಾಗಿ ಪದಕ್ಕೆ ಪದ ಕೂಡಿಬಂದ ಸಾಲುಗಳನ್ನು ಕಂಡರೆ ನಾನು ಆ ಕನ್ನಡವನ್ನು ಇನ್ನೊಮ್ಮೆ ಓದುತ್ತೇನೆ, ಗಟ್ಟಿಯಾಗಿ.

ಅರ್ಥ ಉಳಿದಿದೆಯಾ ಅನ್ನುವುದನ್ನು ಹಿಮ್ಮುಖ ಅನುವಾದ ಹೇಳುತ್ತದೆ. ಓದುವವರಿಗೆ ತಲುಪುತ್ತದಾ ಅನ್ನುವುದನ್ನು ಹೇಳುವುದಿಲ್ಲ. ಅದಕ್ಕೆ ಓದುವವರನ್ನೇ ಕೇಳಬೇಕು. ಐದಾರು ಮಂದಿ ಸಾಕು, ಬೇರೆ ಬೇರೆ ಊರಿನ, ಬೇರೆ ಬೇರೆ ಓದಿನ ಮಟ್ಟದವರು ಇರಲಿ. ಸೂಪರ್‌ವೈಸರುಗಳು ಆ ಕೋಣೆಯಲ್ಲಿ ಇರಬಾರದು. ಕೇಳುವವರು ಮಹಿಳೆಯಾಗಿದ್ದರೆ ಒಳ್ಳೆಯದು. "ಅರ್ಥ ಆಯ್ತಾ?" ಎಂದು ಕೇಳಬೇಡಿ, ಎಲ್ಲರೂ ಆಯ್ತು ಅನ್ನುತ್ತಾರೆ. "ನಿಮಗೆ ಯಾವತ್ತಾದರೂ ಹೀಗಾಗಿದೆಯಾ?" ಅಂತ ಖಂಡಿತ ಕೇಳಬೇಡಿ, ಇದು ಭಾಷೆಯ ಪರೀಕ್ಷೆ ಮಾತ್ರ. ಒಂದು ಕಲ್ಪಿತ ಸಂಗತಿ ಹೇಳಿ:

"ಒಬ್ಬರಿಗೆ ಜನವರಿಯಲ್ಲಿ ತೊಂದರೆ ಆಯಿತು, ಮಾರ್ಚ್‌ನಲ್ಲಿ ಮತ್ತೆ ಆಯಿತು. ಭಯದಿಂದ ಸುಮ್ಮನಿದ್ದರು. ಈಗ ಜುಲೈ. ಈ ಕಾಗದದ ಪ್ರಕಾರ ಅವರು ದೂರು ಕೊಡಬಹುದಾ? ಯಾರ ಹತ್ತಿರ ಹೋಗಬೇಕು?"

ಸರಿ ಉತ್ತರ: ಲೆಕ್ಕ ಮಾರ್ಚ್‌ನ ಘಟನೆಯಿಂದ, ಮೊದಲ ಮೂರು ತಿಂಗಳು ದಾಟಿದೆ, ಆದರೂ ಸಮಿತಿಗೆ ಪರಿಸ್ಥಿತಿ ಹೇಳಿ ಸಮಯ ಕೇಳಬಹುದು. "ಮುಗೀತು, ಇನ್ನು ಆಗಲ್ಲ" ಎಂದು ಒಬ್ಬರಿಗಿಂತ ಜಾಸ್ತಿ ಜನ ಹೇಳಿದರೆ ಆ ಕಲಮು ಮತ್ತೆ ಬರೆಯಬೇಕು. ಶೀಟ್ ಎಷ್ಟೇ ಹಸಿರಾಗಿರಲಿ.

ರಾಜಿಯ ಕಲಮಿಗೂ ಇಂಥದ್ದೇ ಒಂದು ಪ್ರಶ್ನೆ ಇಡಿ: "ರಾಜಿ ಮಾಡಿಸಿ ಅಂತ ಯಾರು ಕೇಳಬಹುದು? ದುಡ್ಡು ಕೊಟ್ಟು ಮುಗಿಸಬಹುದಾ?" ಕಾಯ್ದೆಯ ಪ್ರಕಾರ ವಿಚಾರಣೆ ಶುರುವಾಗುವ ಮೊದಲು, ನೊಂದ ಮಹಿಳೆ ಕೇಳಿಕೊಂಡರೆ ಮಾತ್ರ ಸಂಧಾನ, ಅದಕ್ಕೆ ಹಣ ಆಧಾರ ಆಗುವಂತಿಲ್ಲ. ನಮ್ಮ ಕಡೆ ರಾಜಿ ಅಂದರೆ ಹಿರಿಯರು ಕೂತು ಇಬ್ಬರಿಗೂ ಬುದ್ಧಿ ಹೇಳಿ ಮುಗಿಸುವುದು ಎಂದೇ ಮನಸ್ಸಿಗೆ ಬರುತ್ತದೆ. ಹಿಮ್ಮುಖ ಅನುವಾದದಲ್ಲಿ ಇದು ಸಿಗುವುದೇ ಇಲ್ಲ, ಹೀಗೆ ಕೇಳಿದರೆ ಮಾತ್ರ ಸಿಗುತ್ತದೆ.

ಇನ್ನೊಂದು. ಈಗ ಗಾರ್ಮೆಂಟ್ಸ್‌ಗಳಲ್ಲಿ ಒಡಿಶಾ, ಜಾರ್ಖಂಡ್ ಕಡೆಯಿಂದ ಬಂದವರೂ ಇದ್ದಾರೆ. ಕನ್ನಡ ಪ್ರತಿ ಅವರಿಗೆ ಉಪಯೋಗ ಇಲ್ಲ. ಒಡಿಯಾ, ಹಿಂದಿ ಪ್ರತಿ ಮಾಡಿಸುವುದಾದರೆ ಅವುಗಳಿಗೂ ಇದೇ ಪರೀಕ್ಷೆ, ಮತ್ತು ಅನುವಾದ ಇಂಗ್ಲಿಷ್ ಮೂಲದಿಂದಲೇ ಆಗಲಿ, ಕನ್ನಡದಿಂದ ಬೇಡ.

ಬೋರ್ಡಿಗೆ ಹಾಕುವ ಮುಂಚೆ

ಪಾಲಿಸಿಯ ಕೊನೆಯಲ್ಲಿ "ವ್ಯತ್ಯಾಸ ಕಂಡುಬಂದಲ್ಲಿ ಇಂಗ್ಲಿಷ್ ಪ್ರತಿಯೇ ಅಂತಿಮ" ಎಂದು ಒಂದು ಸಾಲು ಇರುತ್ತದೆ. ಇದೆಯಲ್ಲ ಎಂದು ಪರೀಕ್ಷೆ ಬಿಡುವವರಿದ್ದಾರೆ. ಆ ಸಾಲು ಕೆಲಸಕ್ಕೆ ಬರುವುದು ಜಗಳ ಶುರುವಾದ ಮೇಲೆ. ಗಡುವು ಮುಗಿದಿದೆ ಎಂದು ಓದಿಕೊಂಡು ಮನೆಗೆ ಹೋದವಳ ವಿಷಯದಲ್ಲಿ ಜಗಳ ಶುರುವಾಗುವುದೇ ಇಲ್ಲ.

ಎರಡೂ ಪ್ರತಿಗಳ ಕೆಳಗೆ ಒಂದೇ ಆವೃತ್ತಿ ಸಂಖ್ಯೆ, ಒಂದೇ ದಿನಾಂಕ ಹಾಕಿ. ಶೀಟನ್ನು ಪಾಲಿಸಿಯ ಜೊತೆಯಲ್ಲೇ ಇಡಿ, ಯಾರು ಅನುವಾದ ಮಾಡಿದರು, ಯಾರು ವಾಪಸ್ ಮಾಡಿದರು, ಯಾರು ಹೋಲಿಸಿದರು ಎಂದು ಅದರಲ್ಲಿ ಬರೆದಿರಲಿ. ಇಂಗ್ಲಿಷಿನಲ್ಲಿ ಒಂದು ಕಲಮು ಬದಲಾದರೆ ಕನ್ನಡದ ಅದೇ ನಂಬರಿನ ಸಾಲು ಬದಲಾಗಿ, ಹಿಂದಕ್ಕೆ ಹೋಗಿ ಬರುವವರೆಗೆ ಹೊಸ ಇಂಗ್ಲಿಷ್ ಪ್ರತಿಯನ್ನೂ ಬೋರ್ಡಿಗೆ ಹಾಕಬೇಡಿ. ಸಮಿತಿಯ ಸದಸ್ಯರು ಬದಲಾದಾಗ ಹೆಸರು, ಫೋನ್ ನಂಬರ್ ಎರಡೂ ಪ್ರತಿಯಲ್ಲಿ ಒಂದೇ ದಿನ ಬದಲಾಗಬೇಕು. ಇದಕ್ಕೆ ಹಿಮ್ಮುಖ ಅನುವಾದ ಬೇಕಿಲ್ಲ, ಒಬ್ಬರು ಹೋಗಿ ಬೋರ್ಡ್ ನೋಡಿ, ಆ ನಂಬರಿಗೆ ಒಂದು ಕರೆ ಮಾಡಿದರೆ ಸಾಕು.